ಬಾಗಿಲ ಚೌಕಟ್ಟಿನ ಮೇಲಿನ ಪೆನ್ಸಿಲ್ ಗೆರೆಗಳು: ಹದಿಹರೆಯದ ಎತ್ತರ, ತಪ್ಪಿದ ಹೆಜ್ಜೆ ಮತ್ತು 250 ವರ್ಷಗಳ ಒಂದು ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ)

ಇವತ್ತಿನ ಕಥೆ ಒಂದು ನೋ-ಬಾಲ್‌ನಿಂದ ಶುರುವಾಗುತ್ತೆ.

2009ರ ಜನವರಿ. ದಾವಣಗೆರೆ. ನನಗೆ 14 ತುಂಬೋಕೆ ಇನ್ನೊಂದು ತಿಂಗಳು ಇತ್ತು. ಒಂದು ಸೆಲೆಕ್ಷನ್ ಟ್ರಯಲ್ಸ್‌ಗೆ ಹೋಗಿದ್ದೆ, ಫಾಸ್ಟ್ ಬೌಲರ್ ಅಂತ. ಮೊದಲ ಓವರ್‌ನಲ್ಲಿ ಮೂರು ನೋ-ಬಾಲ್. ಎರಡನೇ ಓವರ್‌ನಲ್ಲಿ ಓಡಿ ಬರುವಾಗ ನನ್ನ ಕಾಲೇ ನನಗೆ ತೊಡರಿ, ಕ್ರೀಸ್ ಹತ್ತಿರ ಮುಗ್ಗರಿಸಿ ಬಿದ್ದೆ. ಸುತ್ತ ನಿಂತಿದ್ದವರು ನಕ್ಕರು. ಆರು ತಿಂಗಳ ಹಿಂದೆ ಅದೇ ಮೈದಾನದಲ್ಲಿ ಕಣ್ಣು ಮುಚ್ಚಿಕೊಂಡು ಓಡಿದರೂ ಗೆರೆ ದಾಟದ ಹುಡುಗ ನಾನು.

ನಮ್ಮ ಕೋಚ್ ಹೇಳಿದ್ದು ಒಂದೇ ಮಾತು: “ಗಮನ ಇಲ್ಲ ನಿನಗೆ. ಇನ್ನೂ ಜಾಸ್ತಿ ಹಾಕು.” ಜಾಸ್ತಿ ಹಾಕಿದೆ. ವಾರಕ್ಕೆ ಆರು ದಿನ, ದಿನಕ್ಕೆ ಅರವತ್ತು ಬಾಲ್. ಮಾರ್ಚ್ ಹೊತ್ತಿಗೆ ಎಡ ಮಂಡಿಚಿಪ್ಪಿನ ಕೆಳಗೆ ಒಂದು ಗಂಟು ಎದ್ದಿತು. ಮುಟ್ಟಿದರೆ ಜೀವ ಹೋಗುವಂಥ ನೋವು. ಆ ವರ್ಷ ಕ್ರಿಕೆಟ್ ಬಿಟ್ಟೆ. ಮತ್ತೆ ಹಿಡಿಯಲಿಲ್ಲ.

ಅಯ್ಯೋ ಪಾಪ ಅನ್ನಿಸಿಕೊಳ್ಳೋಕೆ ಇದನ್ನ ಹೇಳ್ತಿಲ್ಲ. ನನಗೆ ಏನಾಯ್ತು ಅನ್ನೋದಕ್ಕೆ ಉತ್ತರ ಆಗಲೇ ನಮ್ಮ ಮನೆಯಲ್ಲಿತ್ತು, ನಡುಮನೆ ಬಾಗಿಲ ಚೌಕಟ್ಟಿನ ಮೇಲೆ. ನಮ್ಮ ಅಜ್ಜ ಪ್ರತಿ ಯುಗಾದಿಗೆ, ಪ್ರತಿ ದೀಪಾವಳಿಗೆ ನನ್ನನ್ನ ಅಲ್ಲಿ ನಿಲ್ಲಿಸಿ, ತಲೆ ಮೇಲೆ ಒಂದು ಸ್ಕೇಲ್ ಇಟ್ಟು, ಪೆನ್ಸಿಲ್‌ನಲ್ಲಿ ಗೆರೆ ಹಾಕ್ತಿದ್ದರು. ಆ ಗೆರೆಗಳನ್ನ ಓದೋದು ಹೇಗೆ ಅಂತ ನನಗೆ ಗೊತ್ತಾಗಿದ್ದು ತೀರಾ ಇತ್ತೀಚೆಗೆ. ಆದರೆ ಜಗತ್ತಿಗೆ ಅದು ಗೊತ್ತಾಗೋ ದಾರಿ ಶುರುವಾಗಿ ಎರಡೂವರೆ ಶತಮಾನ ಆಗಿದೆ. ಆ ದಾರಿಯಲ್ಲಿ ಒಮ್ಮೆ ನಡೆದು, ಆಮೇಲೆ ನಮ್ಮನೆ ಬಾಗಿಲಿಗೆ ವಾಪಸ್ ಬರೋಣ.

ಫ್ರಾನ್ಸ್‌ನ ಒಬ್ಬ ಅಪ್ಪ

1759ರ ಏಪ್ರಿಲ್. ಫ್ರಾನ್ಸ್‌ನ ಬರ್ಗಂಡಿ ಪ್ರಾಂತ್ಯದಲ್ಲಿ ಗೆನೋ ದ ಮೊಂಬೇಯಾರ್ ಎಂಬ ವಿದ್ವಾಂಸನಿಗೆ ಗಂಡು ಮಗು ಹುಟ್ಟಿತು. ಅವನು ಮಗನ ಉದ್ದ ಅಳೆದು ಬರೆದಿಟ್ಟ. ಆರು ತಿಂಗಳಾದ ಮೇಲೆ ಮತ್ತೆ ಅಳೆದ. ಹೀಗೆ ಹೆಚ್ಚುಕಡಿಮೆ ಆರು ತಿಂಗಳಿಗೊಮ್ಮೆಯಂತೆ 18 ವರ್ಷ ಬಿಡದೆ ಅಳೆದ. ಅವನ ಸ್ನೇಹಿತ, ಆ ಕಾಲದ ಹೆಸರಾಂತ ಪ್ರಕೃತಿ ವಿಜ್ಞಾನಿ ಬಫನ್, ಆ ಪಟ್ಟಿಯನ್ನ 1777ರಲ್ಲಿ ತನ್ನ ದೊಡ್ಡ ಗ್ರಂಥದ ಪುರವಣಿಯಲ್ಲಿ ಅಚ್ಚು ಹಾಕಿಸಿದ. ಒಂದೇ ಮಗುವನ್ನ ಹುಟ್ಟಿನಿಂದ ಬೆಳೆದು ನಿಲ್ಲೋವರೆಗೂ ಅಳೆದ ಮೊದಲ ದಾಖಲೆ ಅಂತ ಇವತ್ತಿಗೂ ತೋರಿಸೋದು ಅದನ್ನೇ.

ಆ ಪಟ್ಟಿ ಹಳೇ ಫ್ರೆಂಚ್ ಅಳತೆಯಲ್ಲಿತ್ತು. 1927ರಲ್ಲಿ ಸ್ಕ್ಯಾಮನ್ ಎಂಬ ಅಮೆರಿಕನ್ ಅಂಗರಚನಾ ತಜ್ಞ ಅದನ್ನ ಸೆಂಟಿಮೀಟರ್‌ಗೆ ಬದಲಿಸಿ ಮತ್ತೆ ಪ್ರಕಟಿಸಿದ. ಆಗ ಒಂದು ವಿಷಯ ಎದ್ದು ಕಾಣಿಸ್ತು. ಹುಡುಗನ ಎತ್ತರವನ್ನ ಹಾಗೇ ಗೆರೆ ಎಳೆದರೆ, ಅದು ಒಂದೇ ಸಮನೆ ಮೇಲಕ್ಕೆ ಹೋಗೋ ಏರು ರಸ್ತೆ ಥರ ಕಾಣುತ್ತೆ. ಆದರೆ “ವರ್ಷಕ್ಕೆ ಎಷ್ಟು ಬೆಳೆದ” ಅಂತ ವೇಗದ ಗೆರೆ ಎಳೆದರೆ ಚಿತ್ರವೇ ಬೇರೆ. ಹುಟ್ಟಿದಾಗ ಭಾರಿ ವೇಗ, ಆಮೇಲೆ ವರ್ಷವರ್ಷಕ್ಕೂ ಇಳಿಯುತ್ತಾ ಬರುತ್ತೆ. 14ರ ಆಸುಪಾಸಿನಲ್ಲಿ ಇದ್ದಕ್ಕಿದ್ದಂತೆ ಗುಡ್ಡದಂತೆ ಏಳುತ್ತೆ, ವರ್ಷಕ್ಕೆ ಸುಮಾರು 12 ಸೆಂ.ಮೀ. ಆಮೇಲೆ ಅಷ್ಟೇ ಬೇಗ ಬಿದ್ದುಹೋಗುತ್ತೆ.

ಈ ಗುಡ್ಡದ ತುದಿಗೆ ವಿಜ್ಞಾನಿಗಳು ಇಟ್ಟಿರೋ ಹೆಸರು ‘ಪೀಕ್ ಹೈಟ್ ವೆಲಾಸಿಟಿ’. ನಾವು ಇವತ್ತು ಸುಮ್ಮನೆ ‘ತುದಿವೇಗ’ ಅನ್ನೋಣ. ಅದು ಎತ್ತರವಲ್ಲ, ಎತ್ತರ ಏರೋ ವೇಗ. ಇವತ್ತಿನ ಇಡೀ ಕಥೆ ಈ ವ್ಯತ್ಯಾಸದ ಮೇಲೇ ನಿಂತಿದೆ.

ಇನ್ನೊಂದು ಸಣ್ಣ ವಿಷಯ. ಬೆಳಗ್ಗೆ ಎದ್ದಾಗ ಹುಡುಗ ಸಂಜೆಗಿಂತ ಸ್ವಲ್ಪ ಎತ್ತರ ಇರ್ತಾನೆ ಅನ್ನೋದನ್ನ ಮೊಂಬೇಯಾರ್ ಆಗಲೇ ಗಮನಿಸಿದ್ದ. ದಿನವಿಡೀ ನಿಂತು ನಡೆದು ಬೆನ್ನುಮೂಳೆಯ ನಡುವಿನ ಮೆತ್ತೆಗಳು ಕುಗ್ಗೋದೇ ಅದಕ್ಕೆ ಕಾರಣ. ವ್ಯತ್ಯಾಸ ಒಂದು ಸೆಂ.ಮೀ. ಹತ್ತಿರ ಇರಬಹುದು. ಇದನ್ನ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ಮಂಡಿಯ ಗಂಟು

ಈಗ 1903. ಎಕ್ಸ್‌ರೇ ಕಂಡುಹಿಡಿದು ಎಂಟು ವರ್ಷವಷ್ಟೇ ಆಗಿತ್ತು. ಅಮೆರಿಕದ ಬಾಸ್ಟನ್‌ನಲ್ಲಿ ರಾಬರ್ಟ್ ಆಸ್‌ಗುಡ್, ಸ್ವಿಟ್ಜರ್‌ಲೆಂಡ್‌ನ ಜ್ಯೂರಿಕ್‌ನಲ್ಲಿ ಕಾರ್ಲ್ ಶ್ಲಾಟರ್. ಇಬ್ಬರೂ ಬೇರೆಬೇರೆಯಾಗಿ, ಒಂದೇ ವರ್ಷ, ಒಂದೇ ಥರದ ರೋಗಿಗಳ ಬಗ್ಗೆ ಬರೆದರು. ಆಟವಾಡೋ ಹದಿಹರೆಯದವರು. ಮಂಡಿಚಿಪ್ಪಿನ ಕೆಳಗೆ, ಮೊಣಕಾಲು ಮೂಳೆಯ ಮೇಲ್ತುದಿಯಲ್ಲಿ ಊದಿದ ಗಂಟು, ಓಡಿದರೆ ಹಾರಿದರೆ ನೋವು. ಇವತ್ತು ಅದರ ಹೆಸರು ಆಸ್‌ಗುಡ್-ಶ್ಲಾಟರ್. ಹೌದು, ನನ್ನ ಮಂಡಿಯ ಗಂಟಿಗೆ ನಾನು ಹುಟ್ಟೋದಕ್ಕೆ 92 ವರ್ಷ ಮೊದಲೇ ಹೆಸರಿಟ್ಟಾಗಿತ್ತು.

ಅದು ಯಾಕೆ ಬರುತ್ತೆ? ಬೆಳೆಯೋ ಮಕ್ಕಳ ಮೂಳೆ ಪೂರ್ತಿ ಮೂಳೆಯಲ್ಲ. ತುದಿಗಳಲ್ಲಿ ಮೃದ್ವಸ್ಥಿಯ ಪದರ ಇರುತ್ತೆ, ಬೆಳವಣಿಗೆ ನಡೆಯೋದು ಅಲ್ಲೇ. ಕಿವಿಯ ಮೇಲ್ಭಾಗ ಮುಟ್ಟಿ ನೋಡಿ, ಹೆಚ್ಚುಕಡಿಮೆ ಆ ಜಾತಿಯದು. ತೊಡೆಯ ಮುಂಭಾಗದ ದೊಡ್ಡ ಸ್ನಾಯು ಮಂಡಿಚಿಪ್ಪನ್ನ ದಾಟಿ ಬಂದು ಅಂಟಿಕೊಳ್ಳೋದು ಇಂಥದ್ದೇ ಒಂದು ಮೆತ್ತನೆ ಜಾಗಕ್ಕೆ. ಮೂಳೆ ಬೇಗ ಉದ್ದ ಆದಾಗ ಸ್ನಾಯು ಬಿಗಿಯಾಗುತ್ತೆ. ಅದೇ ಹೊತ್ತಿಗೆ ದಿನಕ್ಕೆ ನೂರು ಸಲ ಜಿಗಿದರೆ, ಬ್ರೇಕ್ ಹಾಕಿದಂತೆ ನಿಂತರೆ, ಆ ಸ್ನಾಯು ಅದೇ ಒಂದು ಜಾಗವನ್ನ ಮತ್ತೆ ಮತ್ತೆ ಎಳೆಯುತ್ತೆ. ದೊಡ್ಡವರಲ್ಲಾದರೆ ಸ್ನಾಯುರಜ್ಜು ನೋಯಬಹುದು. ಮಕ್ಕಳಲ್ಲಿ ಅದಕ್ಕಿಂತ ದುರ್ಬಲ ಜಾಗ ಅಂದರೆ ಈ ಅಂಟು.

1912ರಲ್ಲಿ ಬಾಸ್ಟನ್‌ನ ಇನ್ನೊಬ್ಬ ವೈದ್ಯ ಜೇಮ್ಸ್ ಸೀವರ್ ಇದೇ ಕಥೆಯನ್ನ ಹಿಮ್ಮಡಿಯಲ್ಲಿ ಕಂಡ. ಹಿಮ್ಮಡಿ ನೋವು ಸಾಮಾನ್ಯವಾಗಿ ಇನ್ನೂ ಚಿಕ್ಕ ವಯಸ್ಸಿಗೇ ಬರುತ್ತೆ, ಮಂಡಿಯದ್ದು ಆಮೇಲೆ. ಯಾಕಂದರೆ ದೇಹ ಒಟ್ಟಿಗೆ ಬೆಳೆಯಲ್ಲ. ಮೊದಲು ಪಾದ, ಆಮೇಲೆ ಕಾಲು, ಕೊನೆಗೆ ಮುಂಡ. ಅಮ್ಮ “ಮೂರು ತಿಂಗಳಿಗೇ ಶೂ ಚಿಕ್ಕದಾಯ್ತಲ್ಲೋ” ಅಂತ ಬೈತಾರಲ್ಲ, ಅದೇ ಮೊದಲ ಗಂಟೆ.

ಹಾರ್ಪೆಂಡೆನ್‌ನ ಮಕ್ಕಳು

ನೋವಿಗೆ ಹೆಸರು ಸಿಕ್ಕಿತು. ಆದರೆ ಅದು ಯಾವಾಗ, ಯಾರಿಗೆ? ಇದಕ್ಕೆ ಮಕ್ಕಳನ್ನ ಒಬ್ಬೊಬ್ಬರನ್ನಾಗಿ ವರ್ಷಗಟ್ಟಲೆ ಅಳೆಯಬೇಕಿತ್ತು. 1948ರಲ್ಲಿ ಲಂಡನ್‌ನ ಉತ್ತರಕ್ಕಿರೋ ಹಾರ್ಪೆಂಡೆನ್ ಊರಿನ ಒಂದು ಅನಾಥಾಲಯದಲ್ಲಿ ಆ ಕೆಲಸ ಶುರುವಾಯ್ತು. ಅದನ್ನ ನಡೆಸಿದವನು ಜೇಮ್ಸ್ ಟ್ಯಾನರ್. ವೈದ್ಯ, ಅದಕ್ಕೂ ಮೊದಲು ಹರ್ಡಲ್ಸ್ ಓಟಗಾರ. ಮಹಾಯುದ್ಧದಿಂದಾಗಿ 1940ರ ಒಲಿಂಪಿಕ್ಸ್ ರದ್ದಾಗದಿದ್ದರೆ ಅವನು ಬ್ರಿಟನ್ ಪರ ಓಡ್ತಿದ್ದ ಅಂತಾರೆ. ಮಕ್ಕಳನ್ನ ಅಳೆದದ್ದು ಹೆಚ್ಚುಕಡಿಮೆ ಒಬ್ಬನೇ ವ್ಯಕ್ತಿ, ರೆಜಿನಾಲ್ಡ್ ವೈಟ್‌ಹೌಸ್. ಒಂದೇ ಕೈ, ಒಂದೇ ಪದ್ಧತಿ, ಎರಡು ದಶಕಕ್ಕೂ ಮೇಲೆ. ಹದಿಹರೆಯ ಬಂದಾಗ ಮೂರು ತಿಂಗಳಿಗೊಮ್ಮೆ.

ಟ್ಯಾನರ್ ಒತ್ತಿ ಹೇಳಿದ ವಿಷಯ ಕೇಳೋಕೆ ಸರಳ, ಆದರೆ ಭಾರಿ ಮುಖ್ಯ. ಹುಡುಗರಲ್ಲಿ ತುದಿವೇಗ ಸರಾಸರಿ 14ರ ಹತ್ತಿರ, ಹುಡುಗಿಯರಲ್ಲಿ 12ರ ಹತ್ತಿರ ಬರುತ್ತೆ. ಆದರೆ ಅದು ಸರಾಸರಿ ಮಾತ್ರ. ಒಬ್ಬ ಹುಡುಗನಿಗೆ 12ಕ್ಕೇ ಬರಬಹುದು, ಇನ್ನೊಬ್ಬನಿಗೆ 16 ಆಗಬಹುದು, ಇಬ್ಬರೂ ಆರೋಗ್ಯವಾಗಿರ್ತಾರೆ. ಹೀಗೆ ಬೇರೆಬೇರೆ ಸಮಯಕ್ಕೆ ಏಳೋ ಗುಡ್ಡಗಳನ್ನೆಲ್ಲ ಸೇರಿಸಿ ಸರಾಸರಿ ತೆಗೆದರೆ ಏನಾಗುತ್ತೆ? ಎಲ್ಲಾ ಗುಡ್ಡಗಳೂ ಕರಗಿ, ಒಂದು ಅಗಲವಾದ ದಿಬ್ಬ ಉಳಿಯುತ್ತೆ. ಆ ದಿಬ್ಬದ ಥರ ಬೆಳೆಯೋ ಮಗು ಜಗತ್ತಲ್ಲಿ ಒಂದೂ ಇಲ್ಲ. ಸರಾಸರಿ ನಿಜವಾದ ಹುಡುಗನನ್ನ ಮುಚ್ಚಿಡುತ್ತೆ.

ಹುಡುಗಿಯರ ಬಗ್ಗೆ ಒಂದು ಮಾತು. ಅವರಲ್ಲಿ ಮೊದಲ ಮುಟ್ಟು ಬರೋದು ಸಾಮಾನ್ಯವಾಗಿ ತುದಿವೇಗ ದಾಟಿ ಸುಮಾರು ಒಂದು ವರ್ಷಕ್ಕೆ. ಅಂದರೆ ಮನೆಯವರು “ಈಗ ದೊಡ್ಡವಳಾದಳು” ಅನ್ನೋ ಹೊತ್ತಿಗೆ, ಎಚ್ಚರ ವಹಿಸಬೇಕಿದ್ದ ವರ್ಷ ಆಗಲೇ ಮುಗಿದಿರುತ್ತೆ. ಐದನೇ, ಆರನೇ ಕ್ಲಾಸಲ್ಲಿ ಖೋ-ಖೋ, ಭರತನಾಟ್ಯ, ಅಥ್ಲೆಟಿಕ್ಸ್ ಮಾಡೋ ಹುಡುಗಿಯರ ವಿಷಯದಲ್ಲಿ ಇದು ನೆನಪಿರಲಿ.

ಹಾರ್ಪೆಂಡೆನ್ ನಮ್ಮ ಮೈದಾನಕ್ಕೂ ಬಂದಿದೆ. ಅಂಡರ್-16 ಕ್ರಿಕೆಟ್ ಆಡಿದವರಿಗೆ ‘ಬೋನ್ ಟೆಸ್ಟ್’ ಗೊತ್ತಿರುತ್ತೆ. ಎಡಗೈ, ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ನೋಡ್ತಾರಲ್ಲ, ಬಿಸಿಸಿಐ ಬಳಸೋ ಆ ವಿಧಾನದ ಹೆಸರು ಟಿಡಬ್ಲ್ಯೂ3. ಟಿ ಅಂದರೆ ಟ್ಯಾನರ್, ಡಬ್ಲ್ಯೂ ಅಂದರೆ ವೈಟ್‌ಹೌಸ್. ಅವರು ಅದನ್ನ ಕಟ್ಟಿದ್ದು ಮಗುವಿನ ಬೆಳವಣಿಗೆ ಎಲ್ಲಿಗೆ ಬಂದಿದೆ ಅಂತ ತಿಳಿಯೋಕೆ. ನಾವು ಬಳಸೋದು ವಯಸ್ಸಿನ ಸುಳ್ಳು ಹಿಡಿಯೋಕೆ.

ಮೈ ಮೊದಲು, ಬಲ ಆಮೇಲೆ

ಈಗ ನನ್ನ ತೊಡರಿದ ಕಾಲಿಗೆ ಬರೋಣ. ವೇಗವಾಗಿ ಬೆಳೆದರೆ ಹಿಡಿತ ಯಾಕೆ ತಪ್ಪುತ್ತೆ?

ಒಂದು ಕೋಲನ್ನ ಕೈಯಲ್ಲಿ ಹಿಡಿದು ಬೀಸಿ. ಈಗ ಅದಕ್ಕಿಂತ ಉದ್ದದ ಕೋಲು ಹಿಡಿದು ಬೀಸಿ. ಉದ್ದ ಸ್ವಲ್ಪವೇ ಹೆಚ್ಚಿದ್ದರೂ ತಿರುಗಿಸೋದು ತುಂಬಾ ಕಷ್ಟ ಅನ್ನಿಸುತ್ತೆ. ಕಾಲೂ ಹಾಗೇ. ಒಂದು ಕಾಲು ಉದ್ದ, ದಪ್ಪ ಎರಡರಲ್ಲೂ ಶೇ. 5ರಷ್ಟು ಬೆಳೆದರೆ, ಅದನ್ನ ಬೀಸೋಕೆ ಎದುರಾಗೋ ಜಡತೆ ಲೆಕ್ಕದ ಪ್ರಕಾರ ಶೇ. 28ರಷ್ಟು ಹೆಚ್ಚಾಗುತ್ತೆ. ಹದಿಹರೆಯದಲ್ಲಿ ಕಾಲು ಮೊದಲು ಉದ್ದವಾಗಿ, ಆಮೇಲೆ ದಪ್ಪವಾಗೋದರಿಂದ ನಿಜವಾದ ಅಂಕಿ ಇದಕ್ಕಿಂತ ಕಡಿಮೆ ಇರುತ್ತೆ. ಆದರೂ ದಿಕ್ಕು ಅದೇ. ಅದನ್ನ ಬೀಸಬೇಕಾದ ಸ್ನಾಯುವಿನ ಬಲ ಮಾತ್ರ ಎತ್ತರದ ಜೊತೆಗೇ ಬರಲ್ಲ, ತಿಂಗಳುಗಳ ನಂತರ ಬರುತ್ತೆ. ಮೂಳೆಯೂ ಅಷ್ಟೇ. ಕೆನಡಾದ ಸಸ್ಕಾಚೆವಾನ್‌ನಲ್ಲಿ 1991ರಿಂದ ಮಕ್ಕಳ ಮೂಳೆಯಲ್ಲಿ ಖನಿಜ ತುಂಬೋದನ್ನ ಅಳೆದರು. ಖನಿಜ ಅತಿ ವೇಗವಾಗಿ ತುಂಬೋದು ತುದಿವೇಗದ ಅರ್ಧ ವರ್ಷಕ್ಕೂ ಹೆಚ್ಚು ಕಾಲದ ನಂತರ ಅಂತ ಗೊತ್ತಾಯ್ತು. ಮನೆಯ ಪಿಲ್ಲರ್ ಎದ್ದಿದೆ, ಸಿಮೆಂಟ್ ಇನ್ನೂ ಪೂರ್ತಿ ಗಟ್ಟಿಯಾಗಿಲ್ಲ. ಮಕ್ಕಳು ಬಿದ್ದು ಮುಂಗೈ ಮುರಿದುಕೊಳ್ಳೋದು ಇದೇ ಕಾಲದಲ್ಲಿ ಹೆಚ್ಚು.

ಹಾಗಾದರೆ ಎಲ್ಲಾ ಹುಡುಗರೂ ತಡವರಿಸ್ತಾರಾ? ಇಲ್ಲ. ಬೆಲ್ಜಿಯಂನ ಲೂವೆನ್‌ನಲ್ಲಿ ಸಾವಿರಾರು ಶಾಲಾ ಹುಡುಗರನ್ನ ವರ್ಷವರ್ಷ ಪರೀಕ್ಷೆ ಮಾಡಿದರು. ಗುಂಪಾಗಿ ನೋಡಿದರೆ ಓಟ, ಜಿಗಿತ, ಬಲ ಯಾವುದೂ ಕೆಳಗೆ ಬೀಳಲ್ಲ, ಸುಧಾರಿಸ್ತಾನೇ ಹೋಗುತ್ತೆ. ಅದಕ್ಕೇ ಕೆಲವರು “ಹದಿಹರೆಯದ ತಡವರಿಕೆ ಅನ್ನೋದೇ ಕಟ್ಟುಕಥೆ” ಅಂದರು. ಆದರೆ ಒಬ್ಬೊಬ್ಬರನ್ನ ಬಿಡಿಸಿ ನೋಡಿದಾಗ, ಕೆಲವು ಹುಡುಗರ ಅಂಕ ಆ ವರ್ಷ ನಿಜವಾಗಿಯೂ ಕುಸಿದಿತ್ತು. ಅವರು ಯಾರು ಅಂದರೆ ಹೆಚ್ಚಾಗಿ ಅದಕ್ಕೂ ಮೊದಲು ಚೆನ್ನಾಗಿ ಮಾಡ್ತಿದ್ದವರು. ಕುಸಿತವೂ ತಾತ್ಕಾಲಿಕ. ನೋಡಿ, ಇಲ್ಲೂ ಸರಾಸರಿ ಹುಡುಗನನ್ನ ಮುಚ್ಚಿಟ್ಟಿತ್ತು.

ಫುಟ್‌ಬಾಲ್ ಅಕಾಡೆಮಿಗಳ ಲೆಕ್ಕ

ಇಷ್ಟೆಲ್ಲ ಗೊತ್ತಿದ್ದರೂ ಇದನ್ನ ಆಟಗಾರರ ಗಾಯದ ಜೊತೆ ಜೋಡಿಸೋಕೆ ಬಹಳ ತಡವಾಯ್ತು. 2014ರಲ್ಲಿ ನೆದರ್‌ಲೆಂಡ್ಸ್‌ನ ಸಂಶೋಧಕರು 26 ಪ್ರತಿಭಾವಂತ ಫುಟ್‌ಬಾಲ್ ಹುಡುಗರ ಮೂರು ವರ್ಷದ ದಾಖಲೆ ಪ್ರಕಟಿಸಿದರು. ಬಿದ್ದು, ತಿರುಚಿ, ಡಿಕ್ಕಿ ಹೊಡೆದು ಆಗೋ ಗಾಯಗಳು ತುದಿವೇಗದ ವರ್ಷದಲ್ಲಿ, ಅದರ ಹಿಂದಿನ ವರ್ಷಕ್ಕಿಂತ ಸ್ಪಷ್ಟವಾಗಿ ಹೆಚ್ಚಿದ್ದವು. ಚಿಕ್ಕ ಗುಂಪು, ನಿಜ. ಆದರೆ ಆಮೇಲೆ ಇಂಗ್ಲೆಂಡ್‌ನ ಮ್ಯಾಂಚೆಸ್ಟರ್ ಯುನೈಟೆಡ್ ಅಕಾಡೆಮಿಯ ಹುಡುಗರ ಹಲವು ಸೀಸನ್‌ಗಳ ದಾಖಲೆಯೂ ಅದೇ ಕಡೆ ಬೆರಳು ತೋರಿಸ್ತು.

ಅಲ್ಲಿ ಅವರು ಬಳಸಿದ್ದು ಒಂದು ಚೆಂದದ ಅಳತೆ. ಹುಡುಗ ಪೂರ್ತಿ ಬೆಳೆದಾಗ ಎಷ್ಟು ಎತ್ತರ ಆಗಬಹುದು ಅಂತ ಅಂದಾಜು ಮಾಡ್ತಾರೆ, ಅವನ ಈಗಿನ ಎತ್ತರ, ತೂಕ, ಅಪ್ಪ-ಅಮ್ಮನ ಎತ್ತರ ಸೇರಿಸಿ. ಈ ಸೂತ್ರ ಅಮೆರಿಕದಲ್ಲಿ 1994ರಲ್ಲಿ ಬಂದದ್ದು. ಆಮೇಲೆ ಆ ಎತ್ತರದ ಶೇಕಡಾ ಎಷ್ಟಕ್ಕೆ ಈಗ ತಲುಪಿದ್ದಾನೆ ಅಂತ ನೋಡ್ತಾರೆ. ಸುಮಾರು ಶೇ. 88ರಿಂದ 95ರ ನಡುವೆ ಇದ್ದರೆ ಅವನು ಗುಡ್ಡದ ಮೇಲಿದ್ದಾನೆ ಅಂತ ಅರ್ಥ. 2015ರಲ್ಲಿ ಪ್ರೀಮಿಯರ್ ಲೀಗ್ ಒಂದು ಟೂರ್ನಿಯನ್ನೇ ವಯಸ್ಸಿನ ಬದಲು ಈ ಶೇಕಡಾವಾರು ಗುಂಪುಗಳಲ್ಲಿ ಆಡಿಸಿತು.

ಇದಕ್ಕೂ ಮಿತಿ ಇದೆ. ಅಂದಾಜು ಎತ್ತರ ಕೆಲವು ಸೆಂ.ಮೀ. ಆಚೀಚೆ ಆಗಬಹುದು. ಅಪ್ಪಂದಿರು ತಮ್ಮ ಎತ್ತರ ಹೇಳುವಾಗ ಒಂದಿಂಚು ಸೇರಿಸೋದು ಲೋಕರೂಢಿ. ಸೂತ್ರ ಕಟ್ಟಿದ್ದು ಅಮೆರಿಕದ ಬಿಳಿಯ ಮಕ್ಕಳ ಮೇಲೆ. ಹಾಗಾಗಿ ಒಂದೇ ಅಂಕಿಯನ್ನ ನಂಬಿ ಕೂರೋ ಬದಲು, ಮತ್ತೆ ಮತ್ತೆ ಅಳೆದ ಎತ್ತರವೇ ಹೆಚ್ಚು ಭರವಸೆಯದ್ದು.

ನಮ್ಮನೆ ಬಾಗಿಲು

ಬನ್ನಿ, ಈಗ ಚೌಕಟ್ಟಿನ ಮುಂದೆ ನಿಲ್ಲೋಣ. ಕಳೆದ ವರ್ಷ ಊರಿಗೆ ಹೋದಾಗ ಟೇಪ್ ಹಿಡಿದು ಅಜ್ಜನ ಗೆರೆಗಳನ್ನ ಅಳೆದೆ.

2008ರ ಯುಗಾದಿ: 148 ಸೆಂ.ಮೀ.
2008ರ ದೀಪಾವಳಿ: 151.
2009ರ ಯುಗಾದಿ: 155.2.
2009ರ ದೀಪಾವಳಿ: 160.8.
2010ರ ಯುಗಾದಿ: 163.3.

ಸುಮ್ಮನೆ ಕಳೆದರೆ ಸಿಗೋದು 3, 4.2, 5.6, 2.5. ಅಂದರೆ ನಾನು ಅತಿ ವೇಗವಾಗಿ ಬೆಳೆದದ್ದು 2009ರ ಯುಗಾದಿಯಿಂದ ದೀಪಾವಳಿವರೆಗೆ ಅನ್ನಿಸುತ್ತೆ. ಹಾಗಾದರೆ ಜನವರಿಯಲ್ಲಿ ನಾನು ಬಿದ್ದಿದ್ದಕ್ಕೂ ಇದಕ್ಕೂ ಸಂಬಂಧ ಇಲ್ವಾ?

ಇಲ್ಲೇ ಎಡವಟ್ಟಾಗೋದು. ಯುಗಾದಿಯಿಂದ ದೀಪಾವಳಿಗೆ ಹತ್ತಿರ ಹತ್ತಿರ ಏಳು ತಿಂಗಳು. ದೀಪಾವಳಿಯಿಂದ ಯುಗಾದಿಗೆ ಐದೇ ತಿಂಗಳು. ಹಾಗಾಗಿ ಬೆಳೆದ ಸೆಂ.ಮೀ.ಯನ್ನ ತಿಂಗಳುಗಳಿಂದ ಭಾಗಿಸಿ, 12ರಿಂದ ಗುಣಿಸಬೇಕು. ಆಗ ವರ್ಷದ ವೇಗ ಸಿಗುತ್ತೆ. ಮೊದಲ ಅವಧಿಯಲ್ಲಿ ವರ್ಷಕ್ಕೆ 5.1 ಸೆಂ.ಮೀ., ಅಂದರೆ ಚಿಕ್ಕ ಹುಡುಗನ ಮಾಮೂಲಿ ವೇಗ. ಎರಡನೆಯದರಲ್ಲಿ 10.1. ಮೂರನೆಯದರಲ್ಲಿ 9.6. ನಾಲ್ಕನೆಯದರಲ್ಲಿ 6.

ಅಂದರೆ 2008ರ ದೀಪಾವಳಿ ಆದಮೇಲೆ ನನ್ನ ವೇಗ ಒಂದೇ ಏಟಿಗೆ ಎರಡರಷ್ಟಾಗಿತ್ತು. ಟ್ರಯಲ್ಸ್ ನಡೆದದ್ದು ಸರಿಯಾಗಿ ಅದರ ನಡುವೆ. ಈಗ ನನ್ನ ಎತ್ತರ 172. ಆ ದೀಪಾವಳಿಗೆ ನಾನು ಅದರ ಶೇ. 88ರ ಹತ್ತಿರ ಇದ್ದೆ, 2010ರ ಯುಗಾದಿಗೆ ಶೇ. 95. ಗುಡ್ಡದ ಮೇಲೆ ಇದ್ದ ಹೆಚ್ಚುಕಡಿಮೆ ಒಂದೂವರೆ ವರ್ಷ ಆ ನಾಲ್ಕು ಗೆರೆಗಳ ನಡುವೆ ಇದೆ.

ನೋ-ಬಾಲ್? ಅದಕ್ಕೂ ಲೆಕ್ಕ ಇದೆ. ನನ್ನ ರನ್-ಅಪ್ 14 ಹೆಜ್ಜೆ. ಗುರುತು ಹಾಕಿದ ಜಾಗ ಹಳೇ ಕಾಲಿನ ಅಳತೆಯದು. ಕಾಲು ಉದ್ದವಾಗಿ ಹೆಜ್ಜೆ ತಲಾ 6 ಸೆಂ.ಮೀ. ಹೆಚ್ಚಾದರೂ, 14 ಹೆಜ್ಜೆಗೆ 84 ಸೆಂ.ಮೀ. ಆಯ್ತು. ಗೆರೆ ದಾಟದೆ ಇನ್ನೇನು ಮಾಡಲಿ? ದಾಟಬಾರದು ಅಂತ ಕೊನೇ ಹೆಜ್ಜೆ ಗಿಡ್ಡ ಮಾಡಿದೆ, ಮುಗ್ಗರಿಸಿದೆ. ಗಮನ ಇಲ್ಲದೆ ಅಲ್ಲ, ಗಮನ ಜಾಸ್ತಿಯಾಗಿ.

ಏನು ಮಾಡಬಹುದಿತ್ತು

ಮೊದಲು, ಅಳೆಯೋದು. ಮೂರು ತಿಂಗಳಿಗೊಮ್ಮೆ, ಬರಿಗಾಲಲ್ಲಿ, ಹಿಮ್ಮಡಿ ಗೋಡೆಗೆ ತಾಗಿಸಿ, ದಿನದ ಅದೇ ಹೊತ್ತಿಗೆ. ಮೊಂಬೇಯಾರ್ ನೆನಪಿದ್ದಾನಲ್ಲ? ಒಂದು ಸಲ ಬೆಳಗ್ಗೆ, ಇನ್ನೊಂದು ಸಲ ಸಂಜೆ ಅಳೆದರೆ ಮೂರು ತಿಂಗಳ ಬೆಳವಣಿಗೆಯ ಅರ್ಧ ಅಲ್ಲೇ ಕಳೆದುಹೋಗಬಹುದು. ಪ್ರತಿ ತಿಂಗಳು ಅಳೆದರೂ ಕೈತಪ್ಪು ಬೆಳವಣಿಗೆಗಿಂತ ದೊಡ್ಡದಾಗಬಹುದು. ವೇಗ ವರ್ಷಕ್ಕೆ 7 ಸೆಂ.ಮೀ. ದಾಟಿದರೆ, ಅಂದರೆ ಮೂರು ತಿಂಗಳಲ್ಲಿ ಒಂದೂಮುಕ್ಕಾಲಕ್ಕಿಂತ ಹೆಚ್ಚಾದರೆ, ಅಭ್ಯಾಸ ಬದಲಾಯಿಸೋ ಹೊತ್ತು ಬಂತು ಅಂತ ಇಟ್ಟುಕೊಳ್ಳಿ. ಅದು ಕಾನೂನಲ್ಲ, ಎಚ್ಚರಿಕೆಯ ಹಳದಿ ದೀಪ.

ಎರಡನೆಯದು, ಕಡಿಮೆ ಮಾಡೋದು. ನಿಲ್ಲಿಸೋದಲ್ಲ. ಪೂರ್ತಿ ವಿಶ್ರಾಂತಿ ಕೊಟ್ಟರೆ ಬಲವೂ ಹೋಗುತ್ತೆ, ಹೊಸ ಕಾಲಿನ ಪರಿಚಯವೂ ಆಗಲ್ಲ. ಇಳಿಸಬೇಕಾದದ್ದು ಮೂಳೆಯ ತುದಿಯನ್ನ ಎಳೆಯೋ, ಗುದ್ದೋ ಕೆಲಸಗಳನ್ನ: ಪೂರ್ತಿ ವೇಗದ ಬೌಲಿಂಗ್, ಹಾರೋದು, ಓಡುತ್ತಾ ಗಕ್ಕನೆ ನಿಲ್ಲೋದು. ಇಂಗ್ಲೆಂಡ್ ಕ್ರಿಕೆಟ್ ಮಂಡಳಿಯ ವೇಗದ ಬೌಲರ್‌ಗಳ ನಿಯಮ ಬಹುಕಾಲ ಹೀಗಿತ್ತು: ಅಂಡರ್-14, 15ರವರಿಗೆ ಒಂದು ಸ್ಪೆಲ್‌ಗೆ 6 ಓವರ್, ದಿನಕ್ಕೆ 12, ವಾರದಲ್ಲಿ ನಾಲ್ಕು ದಿನ. ನಾನು ವಾರಕ್ಕೆ ಆರು ದಿನ ಹಾಕ್ತಿದ್ದೆ. ಆದರೆ ಆ ನಿಯಮ ಹೋಗೋದೂ ಹುಟ್ಟಿದ ದಿನಾಂಕದ ಮೇಲೇ. ಗುಡ್ಡದ ಮೇಲಿರೋ ಹುಡುಗನಿಗೆ ಅದಕ್ಕಿಂತ ಇನ್ನೂ ಕಡಿಮೆ ಇರಲಿ. ನನ್ನ ವಾರವನ್ನ ಈಗ ನಾನೇ ಬರೆಯೋದಾದರೆ, ಬೌಲಿಂಗ್ ಮೂರು ದಿನ, ನಡುವೆ ಒಂದೊಂದು ದಿನ ಬಿಟ್ಟು, ದಿನಕ್ಕೆ 30 ಬಾಲ್.

ಮೂರನೆಯದು, ಖಾಲಿಯಾದ ಹೊತ್ತನ್ನ ತುಂಬೋದು. ಒಂಟಿ ಕಾಲಲ್ಲಿ ನಿಂತು ಚೆಂಡು ಹಿಡಿಯೋದು, ಮೆಟ್ಟಿಲಿನಿಂದ ಇಳಿದು ಮಂಡಿ ಒಳಗೆ ವಾಲದಂತೆ ಮೆತ್ತಗೆ ನಿಲ್ಲೋದು, ನಿಧಾನವಾದ ಬಸ್ಕಿ, ತೊಡೆಯ ಹಿಂಭಾಗ ಮತ್ತು ಸೊಂಟದ ಬಲ. ಇದು ಶಿಕ್ಷೆ ಅಲ್ಲ. ಮಿದುಳಿಗೆ ಹೊಸ ಕಾಲಿನ ಉದ್ದ ಪರಿಚಯ ಮಾಡಿಸೋ ಪಾಠ. ಮತ್ತೆ ರನ್-ಅಪ್ ಮರು ಅಳತೆ: ಕ್ರೀಸ್‌ನಿಂದ ಹೊರಮುಖವಾಗಿ ಓಡಿ, 14ನೇ ಹೆಜ್ಜೆ ಬಿದ್ದ ಜಾಗವನ್ನ ಗೆಳೆಯನಿಗೆ ಗುರುತು ಹಾಕೋಕೆ ಹೇಳಿ. ನಾಲ್ಕೈದು ಸಲ ಓಡಿ, ನಡುವಿನ ಗುರುತು ಹಿಡಿಯಿರಿ. ಮೂರು ತಿಂಗಳಿಗೊಮ್ಮೆ ಮತ್ತೆ. ಹತ್ತು ನಿಮಿಷದ ಕೆಲಸ.

ನಾಲ್ಕನೆಯದು, ನೋವನ್ನ ಓದೋದು. ಆಡುವಾಗ ಸಣ್ಣ ನೋವು, ಮಾರನೇ ಬೆಳಗ್ಗೆ ಇಲ್ಲ ಅಂದರೆ, ಕಡಿಮೆ ಮಾಡಿದ ಅಭ್ಯಾಸ ಮುಂದುವರಿಸಬಹುದು. ಮಾರನೇ ದಿನವೂ ಉಳಿದರೆ ಇನ್ನೂ ಇಳಿಸಬೇಕು. ಕುಂಟುತ್ತಿದ್ದರೆ, ಕೀಲು ಊದಿದ್ದರೆ, ರಾತ್ರಿ ನೋವಿಗೆ ಎಚ್ಚರವಾದರೆ ಆಟ ನಿಲ್ಲಿಸಿ ವೈದ್ಯರ ಹತ್ತಿರ ಹೋಗಬೇಕು. ಫಾಸ್ಟ್ ಬೌಲರ್‌ಗೆ ಸೊಂಟದ ಒಂದೇ ಬದಿಯಲ್ಲಿ, ಹಿಂದಕ್ಕೆ ಬಾಗಿದಾಗ ಹೆಚ್ಚಾಗೋ ನೋವು ಬಂದರೆ ಒಂದು ವಾರವೂ ಕಾಯಬಾರದು. ಅದು ಬೆನ್ನುಮೂಳೆಯ ಸಣ್ಣ ಬಿರುಕು ಇರಬಹುದು. “ಬೆಳೆಯೋ ನೋವು ಬಿಡು” ಅಂತ ಹೇಳಿ ಸಾಗಹಾಕೋ ಥರದ್ದಲ್ಲ.

ಆಸ್‌ಗುಡ್-ಶ್ಲಾಟರ್ ಬಂದವರಲ್ಲಿ ಬಹುಪಾಲು ಮಂದಿಗೆ ಬೆಳವಣಿಗೆ ಮುಗಿದಾಗ ನೋವು ಹೋಗುತ್ತೆ. ನನಗೂ ಹೋಯ್ತು. ಗಂಟು ಮಾತ್ರ ಉಳಿದಿದೆ, ನೆಲಕ್ಕೆ ಮಂಡಿ ಊರಿದಾಗ ಚುಚ್ಚುತ್ತೆ. ಅಲ್ಲಿಯವರೆಗೂ ಆಟದಲ್ಲಿ ಉಳಿದಿರೋದೇ ಕಷ್ಟದ ಭಾಗ.

ನಮ್ಮ ಅಕ್ಕನ ಮಗನಿಗೆ ಈಗ 13. ಅವನೂ ಬೌಲರ್. ಕಳೆದ ತಿಂಗಳು ಫೋನ್ ಮಾಡಿ, “ಮಾಮಾ, ಲೈನೇ ಸಿಗ್ತಿಲ್ಲ, ನಾನು ವೇಸ್ಟ್ ಅಂತಿದ್ದಾರೆ” ಅಂದ. ಶೂ ಸೈಜ್ ಎಷ್ಟು ಅಂತ ಕೇಳಿದೆ. ನಾಲ್ಕು ತಿಂಗಳಲ್ಲಿ ಎರಡು ಸೈಜ್ ಏರಿದೆ ಅಂದ. ಊರಿಗೆ ಹೋಗಿ, ಅಜ್ಜ ಇಲ್ಲದ ಆ ಮನೆಯ ಅದೇ ಚೌಕಟ್ಟಿಗೆ ಅವನನ್ನ ಒರಗಿಸಿ, ನನ್ನ ಗೆರೆಗಳ ಪಕ್ಕ ಒಂದು ಗೆರೆ ಹಾಕಿ ತಾರೀಖು ಬರೆದೆ. ಆಮೇಲೆ ಇಬ್ಬರೂ ಮೈದಾನಕ್ಕೆ ಹೋಗಿ ಅವನ ರನ್-ಅಪ್ ಅಳೆದೆವು. ಹಳೇ ಗುರುತಿಗಿಂತ ಮುಕ್ಕಾಲು ಮೀಟರ್ ಹಿಂದಕ್ಕೆ ಹೋಯ್ತು.

ಮುಂದಿನ ಗೆರೆ ಮೂರು ತಿಂಗಳಿಗೆ. ಆ ಲೆಕ್ಕ ಬಂದಮೇಲೇ ಅವನ ಬೌಲಿಂಗ್ ಬಗ್ಗೆ ತೀರ್ಮಾನ.